0.62, 0.96, 1.05: ಒಂದೇ ಸತು–ತಾಮ್ರ ಸೆಲ್, ಮೂರು ರೀಡಿಂಗ್

ಇದು ಚಿಕ್ಕಬಳ್ಳಾಪುರ ಜಿಲ್ಲೆಯ ಒಂದು ಪಿಯು ಕಾಲೇಜಿನ ಲ್ಯಾಬ್‌ನಲ್ಲಿ ನಡೆದದ್ದು. ಊರಿನ ಹೆಸರು, ಕಾಲೇಜಿನ ಹೆಸರು, ಮಂದಿಯ ಹೆಸರು ಬಿಟ್ಟಿದ್ದೇನೆ. ಉಪನ್ಯಾಸಕಿಯನ್ನು ಮೇಡಂ ಎಂದೂ, ಪ್ರಾಜೆಕ್ಟ್ ಮಾಡಿದ ಇಬ್ಬರು ದ್ವಿತೀಯ ಪಿಯು ವಿದ್ಯಾರ್ಥಿಗಳನ್ನು ಹುಡುಗ, ಹುಡುಗಿ ಎಂದೂ ಕರೆಯುತ್ತೇನೆ. ನಾನು ಪಕ್ಕದ ತಾಲ್ಲೂಕಿನಲ್ಲಿ ಅದೇ ವಿಷಯ ಪಾಠ ಮಾಡುವವನು. ಅವರ ನೋಟ್‌ಬುಕ್ ಪೂರ್ತಿ ನೋಡಿ, ಮೂವರ ಜೊತೆಗೂ ಕೂತು ಮಾತಾಡಿ ಇದನ್ನು ಬರೆದಿದ್ದೇನೆ.

ಹಿನ್ನೆಲೆ

ಪ್ರಾಜೆಕ್ಟ್ ಸರಳವಾಗಿತ್ತು. ಒಂದು ಬೀಕರಿನಲ್ಲಿ ಸತುವಿನ ಪಟ್ಟಿ, ಸುತ್ತ ಸತುವಿನ ಸಲ್ಫೇಟ್. ಇನ್ನೊಂದರಲ್ಲಿ ತಾಮ್ರದ ಪಟ್ಟಿ, ಸುತ್ತ ಕಾಪರ್ ಸಲ್ಫೇಟ್, ಅಂದರೆ ನಮ್ಮ ಮೈಲುತುತ್ತ. ಎರಡಕ್ಕೂ ನಡುವೆ ಪೊಟ್ಯಾಸಿಯಂ ನೈಟ್ರೇಟ್‌ನಲ್ಲಿ ನೆನೆಸಿ ಮಡಚಿದ ಫಿಲ್ಟರ್ ಪೇಪರ್, ಅದೇ ಸಾಲ್ಟ್ ಬ್ರಿಡ್ಜ್. ಸತುವಿನ ಕಡೆ ಸಾಂದ್ರತೆ ಯಾವಾಗಲೂ 0.1 ಮೋಲಾರ್. ತಾಮ್ರದ ಕಡೆ ಮಾತ್ರ 0.1, 0.01, 0.001 ಎಂದು ಹತ್ತು ಹತ್ತು ಪಟ್ಟು ತೆಳುವಾಗಿಸುತ್ತಾ ಹೋಗಬೇಕು. ಪ್ರತಿ ಸಲ ವೋಲ್ಟೇಜ್ ಅಳೆಯಬೇಕು. ಅದರಿಂದ ಮುಕ್ತ ಶಕ್ತಿಯ ಬದಲಾವಣೆ, ಅಂದರೆ ΔG ಲೆಕ್ಕ ಹಾಕಬೇಕು.

ಸೂತ್ರಗಳು ಎರಡೇ. ಮೊದಲನೆಯದು ನೆರ್ನ್ಸ್ಟ್ ಸಮೀಕರಣ, 25 ಡಿಗ್ರಿಯಲ್ಲಿ:

E = 1.10 − (0.0591/2) log([Zn²⁺]/[Cu²⁺])

ಎರಡನೆಯದು:

ΔG = −nFE

ಇಲ್ಲಿ n ಅಂದರೆ 2, ಒಂದು ಸತುವಿನ ಪರಮಾಣು ಎರಡು ಎಲೆಕ್ಟ್ರಾನ್ ಕೊಡುತ್ತದೆ. F ಅಂದರೆ ಒಂದು ಮೋಲ್ ಎಲೆಕ್ಟ್ರಾನಿನ ಚಾರ್ಜ್, 96,500 ಕೂಲಂಬ್. ಎರಡೂ ಕಡೆ ಸಾಂದ್ರತೆ ಒಂದೇ ಆದಾಗ ಲಾಗ್ ಸೊನ್ನೆ, E 1.10 ವೋಲ್ಟ್, ΔG ಮೋಲಿಗೆ −212.3 ಕಿಲೋಜೂಲ್. ತಾಮ್ರವನ್ನು ಹತ್ತು ಪಟ್ಟು ತೆಳುವಾಗಿಸಿದರೆ E ಇಳಿಯಬೇಕಾದ್ದು 0.03 ವೋಲ್ಟ್ ಅಷ್ಟೇ. ನೂರು ಪಟ್ಟಿಗೆ 0.06. ಅಂದರೆ 0.001 ಮೋಲಾರ್‌ನಲ್ಲಿ 1.04 ವೋಲ್ಟ್ ಬರಬೇಕು, ΔG ಸುಮಾರು −200.9 ಇರಬೇಕು.

ಬಂದ ರೀಡಿಂಗ್

ಲ್ಯಾಬ್‌ನಲ್ಲಿದ್ದದ್ದು ಮುಳ್ಳಿನ ವೋಲ್ಟ್‌ಮೀಟರ್, ಮೂರು ವೋಲ್ಟ್ ರೇಂಜಿನದು. 0.1 ಮೋಲಾರ್‌ನಲ್ಲಿ ಅದು ತೋರಿಸಿದ್ದು 0.84. ಹಳೇ ಮೀಟರ್, ಕಡಿಮೆ ತೋರಿಸುತ್ತೆ ಬಿಡು ಅಂದುಕೊಂಡರು. 0.01ರಲ್ಲಿ 0.80. ಇಳಿಕೆ 0.04, ಲೆಕ್ಕಕ್ಕೆ ಹತ್ತಿರವೇ. 0.001ಕ್ಕೆ ಬಂದಾಗ ಮುಳ್ಳು 0.62ಕ್ಕೆ ಬಿತ್ತು, ಅಲ್ಲೂ ನಿಲ್ಲದೆ ಮೆಲ್ಲಗೆ ಕೆಳಕ್ಕೆ ಸರಿಯುತ್ತಿತ್ತು.

ಇಲ್ಲಿ ಇಬ್ಬರೂ ಬೇರೆ ಬೇರೆ ದಾರಿ ಹಿಡಿದರು. ಹುಡುಗ ಬಂದದ್ದನ್ನು ಬಂದಂತೆ ತೆಗೆದುಕೊಂಡು ΔG ಮೋಲಿಗೆ −119.7 ಕಿಲೋಜೂಲ್ ಎಂದು ಬರೆದ. ಹುಡುಗಿ, ಮೀಟರ್ ಮೊದಲಿಂದಲೂ 0.26 ಕಡಿಮೆ ತೋರಿಸುತ್ತಿದೆ, ಅದನ್ನು ಎಲ್ಲಕ್ಕೂ ಕೂಡಿಸೋಣ ಅಂದಳು. ಮೊದಲ ಎರಡು ರೀಡಿಂಗ್ 1.10, 1.06 ಆಗಿ ಚೆನ್ನಾಗಿ ಕೂತವು. ಮೂರನೆಯದು 0.88. ಅದರಿಂದ ಅವಳ ΔG −169.8. ಒಂದೇ ಬೀಕರಿಗೆ ಎರಡು ΔG. ಪುಸ್ತಕದ ಲೆಕ್ಕಕ್ಕೆ ಎರಡೂ ಹೊಂದಲ್ಲ.

ಇಂಥ ಕಡೆ ಬಹಳ ಜನ ಮಾಡುವುದು ನಮಗೆ ಗೊತ್ತೇ ಇದೆ, ಪುಸ್ತಕದ ಮೌಲ್ಯವನ್ನೇ ರೆಕಾರ್ಡಿಗೆ ಇಳಿಸಿಬಿಡುವುದು. ಮೇಡಂ ಅದಕ್ಕೆ ಒಪ್ಪಲಿಲ್ಲ. ಅವರು ಮಾಡಿದ್ದು ಒಂದು ಉಲ್ಟಾ ಲೆಕ್ಕ. ಈ ಪ್ರಕರಣವನ್ನು ಬರೆಯಲು ನನಗೆ ಆಸೆ ಹುಟ್ಟಿದ್ದೇ ಅದರಿಂದ.

ಉಲ್ಟಾ ಲೆಕ್ಕ

ನೆರ್ನ್ಸ್ಟ್ ಸಮೀಕರಣವನ್ನು ನಾವು ಯಾವಾಗಲೂ ಸಾಂದ್ರತೆಯಿಂದ ವೋಲ್ಟೇಜ್ ಕಡೆಗೆ ಓಡಿಸುತ್ತೇವೆ. ಅದನ್ನು ಹಿಂದಕ್ಕೂ ಓಡಿಸಬಹುದು. "0.62 ಅನ್ನೋದು ನಿಜವೇ ಆಗಿದ್ದರೆ ಬೀಕರಿನಲ್ಲಿ ಎಷ್ಟು ತಾಮ್ರ ಇರಬೇಕು, ತೆಗೀರಿ ನೋಡೋಣ" ಅಂದರು ಮೇಡಂ.

1.10ರಲ್ಲಿ 0.62 ಕಳೆದರೆ 0.48. ಅದನ್ನು 0.02955ರಿಂದ ಭಾಗಿಸಿದರೆ 16.24. ಅಂದರೆ ಸತು ತಾಮ್ರಕ್ಕಿಂತ 10ರ ಘಾತ 16ಕ್ಕೂ ಜಾಸ್ತಿ ಪಟ್ಟು ಇರಬೇಕು. ಸತು 0.1 ಮೋಲಾರ್ ಇರುವುದರಿಂದ ತಾಮ್ರ ಸುಮಾರು 6×10⁻¹⁸ ಮೋಲಾರ್. ಬೀಕರಿನಲ್ಲಿದ್ದದ್ದು 50 ಮಿ.ಲೀ. ಅಷ್ಟರಲ್ಲಿ ಎಷ್ಟು ತಾಮ್ರದ ಅಯಾನ್? ಹೆಚ್ಚೆಂದರೆ ಎರಡು ಲಕ್ಷ. ನಿಜಕ್ಕೂ ಹಾಕಿದ್ದು 3×10¹⁹. ಅಷ್ಟೂ ಎಲ್ಲಿಗೆ ಹೋದವು?

ಯಾವ ಸಾಮಾನ್ಯ ಕಾರಣಕ್ಕೂ ಬೀಕರಿನ ತಾಮ್ರ ಅಷ್ಟು ಖಾಲಿಯಾಗಲ್ಲ. ಹಾಗಾಗಿ 0.62 ಸೆಲ್ ಹೇಳಿದ ಮಾತಲ್ಲ, ಮೀಟರ್ ಹೇಳಿದ ಮಾತು. ಇದು ಮೊದಲ ತಿರುವು.

ಮೀಟರ್ ಮೇಲೆ ಅನುಮಾನ ಬಂದ ಮೇಲೆ ಪರೀಕ್ಷೆ ಸುಲಭ. ಹುಡುಗನ ಮಾವ ಎಲೆಕ್ಟ್ರಿಷಿಯನ್, ಅವರ ಡಿಜಿಟಲ್ ಮಲ್ಟಿಮೀಟರ್ ತಂದರು. 0.1 ಮೋಲಾರ್ ಸೆಲ್‌ಗೆ ಅದೊಂದನ್ನೇ ಹಚ್ಚಿದಾಗ 1.09. ಅದು ಹಾಗೇ ಇದ್ದಂತೆ ಮುಳ್ಳಿನ ಮೀಟರನ್ನೂ ಜೊತೆಗೆ ಸೇರಿಸಿದರು. ಮಲ್ಟಿಮೀಟರ್ ಕೂಡ 0.84ಕ್ಕೆ ಇಳಿಯಿತು! ಮುಳ್ಳಿನ ಮೀಟರ್ ತಪ್ಪು ಓದುತ್ತಿರಲಿಲ್ಲ. ಅದು ಸೆಲ್‌ನಿಂದ ಕರೆಂಟ್ ಎಳೆದು ವೋಲ್ಟೇಜನ್ನೇ ಇಳಿಸುತ್ತಿತ್ತು.

ಲೆಕ್ಕವೂ ಹೊಂದುತ್ತದೆ. ಆ ಮೀಟರಿನ ಡಯಲ್ ಮೇಲೆ ಒಂದು ವೋಲ್ಟಿಗೆ 1000 ಓಮ್ ಎಂದು ಬರೆದಿತ್ತು, ಮೂರು ವೋಲ್ಟ್ ರೇಂಜಿಗೆ 3000 ಓಮ್. ನೆನೆದ ಫಿಲ್ಟರ್ ಪೇಪರಿನ ಸೆಲ್‌ಗೆ ಒಳಗೇ ಸುಮಾರು 900 ಓಮ್ ಪ್ರತಿರೋಧ. ಹಾಗಾಗಿ 1.09ರಲ್ಲಿ ಕಾಲು ಭಾಗದಷ್ಟು ಸೆಲ್ ಒಳಗೇ ಕಳೆದುಹೋಯಿತು. ಡಿಜಿಟಲ್ ಮೀಟರಿನ ಪ್ರತಿರೋಧ ಹತ್ತು ಲಕ್ಷ ಓಮ್ ಅಥವಾ ಅದಕ್ಕೂ ಜಾಸ್ತಿ, ಅದರಲ್ಲಿ ಈ ನಷ್ಟ ಒಂದು ಮಿಲಿವೋಲ್ಟ್ ಆಸುಪಾಸು.

ಎಲ್ಲಕ್ಕೂ 0.26 ಕೂಡಿಸುವ ಹುಡುಗಿಯ ಉಪಾಯ ಯಾಕೆ ಕೈಕೊಟ್ಟಿತು ಅನ್ನೋದೂ ಇಲ್ಲೇ ಸಿಗುತ್ತದೆ. ಕಳೆದುಹೋಗುವ ವೋಲ್ಟೇಜ್ ಒಂದೇ ಸಮನಿರಲ್ಲ. ದ್ರಾವಣ ತೆಳುವಾದಂತೆ ಸೆಲ್‌ನ ಒಳಪ್ರತಿರೋಧ ಏರುತ್ತದೆ. ಅದರ ಜೊತೆಗೆ, ಕರೆಂಟ್ ಹರಿದಾಗ ತಾಮ್ರದ ಪಟ್ಟಿಯ ಮೈಗೆ ತಾಗಿದ ಅಯಾನ್‌ಗಳು ಖರ್ಚಾಗುತ್ತವೆ. 0.1 ಮೋಲಾರ್‌ನಲ್ಲಿ ಅಕ್ಕಪಕ್ಕದಿಂದ ಬೇಗ ತುಂಬಿಕೊಳ್ಳುತ್ತವೆ, ತೀರಾ ತೆಳು ದ್ರಾವಣದಲ್ಲಿ ತುಂಬಲ್ಲ. ಮುಳ್ಳು ನಿಲ್ಲದೆ ಕೆಳಗೆ ಜಾರುತ್ತಿದ್ದದ್ದು ಅದಕ್ಕೇ. ರೀಡಿಂಗ್ ಜಾರುತ್ತಿದೆ ಅಂದರೆ ಮೀಟರ್ ಕರೆಂಟ್ ಎಳೆಯುತ್ತಿರಬಹುದು ಎಂದು ಮೊದಲೇ ಶಂಕಿಸಬಹುದು.

ΔG = −nFE ಅನ್ನೋ ಸೂತ್ರಕ್ಕೆ ಒಂದು ಷರತ್ತಿದೆ. ಅದನ್ನು ನಾವು ಪಾಠದಲ್ಲಿ ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತೇವೆ: ಕರೆಂಟ್ ಹರಿಯದಿರುವಾಗಿನ E ಹಾಕಬೇಕು. ಮುಕ್ತ ಶಕ್ತಿ ಅಂದರೆ ಈ ಕ್ರಿಯೆಯಿಂದ ಹೆಚ್ಚೆಂದರೆ ತೆಗೆಯಬಹುದಾದ ವಿದ್ಯುತ್ ಕೆಲಸ. ಕರೆಂಟ್ ಹರಿದ ಕೂಡಲೇ ಅದರಲ್ಲಿ ಒಂದು ಪಾಲು ಸೆಲ್ ಒಳಗೆ ಬಿಸಿಯಾಗಿ ಹೋಗುತ್ತದೆ. ಹುಡುಗ ಬರೆದ −119.7 ಆ ಕ್ರಿಯೆಯ ΔG ಅಲ್ಲವೇ ಅಲ್ಲ. ಆ ಮೀಟರಿಗೆ, ಆ ಗಳಿಗೆಯಲ್ಲಿ, ಆ ಸೆಲ್ ಮೋಲಿಗೆ ಕೊಡುತ್ತಿದ್ದ ಕೆಲಸ ಅಷ್ಟೇ.

ಮಲ್ಟಿಮೀಟರ್ ಬಂದ ಮೇಲೂ ಉಳಿದ ಸಮಸ್ಯೆ

ಹೊಸ ಮೀಟರಿನಲ್ಲಿ ಮೂರೂ ಮತ್ತೆ ಅಳೆದರು. 1.09, 1.07, 0.96.

ಮೊದಲ ಎರಡು ಪುಸ್ತಕಕ್ಕೆ ತಾಳೆ. ಮೂರನೆಯದು ಇನ್ನೂ 0.08 ಕಡಿಮೆ. ಈ ಸಲ ರೀಡಿಂಗ್ ಜಾರಲಿಲ್ಲ, ಗಟ್ಟಿಯಾಗಿ ನಿಂತಿತ್ತು. ಮತ್ತೆ ಉಲ್ಟಾ ಲೆಕ್ಕ: 0.14 ಭಾಗಿಸು 0.02955, ಅಂದರೆ 4.74. ತಾಮ್ರ ಸರಿಸುಮಾರು 2×10⁻⁶ ಮೋಲಾರ್. ಹಾಕಿದ್ದು 10⁻³. ಐನೂರರಲ್ಲಿ ಒಂದು ಪಾಲು ಮಾತ್ರ ಉಳಿದಿದೆ ಎಂದು ಸೆಲ್ ಹೇಳುತ್ತಿದೆ.

ಈ ಸಂಖ್ಯೆ ಎರಡು ಲಕ್ಷ ಅಯಾನಿನ ಕಥೆಯಂತಲ್ಲ. ಏನೋ ಒಂದು ತಾಮ್ರವನ್ನು ಹಿಡಿದು ಕೆಳಗೆ ಇಳಿಸಿದ್ದರೆ ಹೀಗಾಗಬಹುದು. ಹಾಗಾಗಿ ಮೇಡಂ ಇದನ್ನು ಮೀಟರಿನ ತಪ್ಪು ಎಂದು ತಳ್ಳಿಹಾಕಲಿಲ್ಲ. ತಾಮ್ರ ಎಲ್ಲಿ ಹೋಯಿತು ಎಂದು ಹುಡುಕಿ ಅಂದರು.

ಉತ್ತರ ಸಿಕ್ಕಿದ್ದು ಮರುದಿನ, ಬಾಟಲಿಯ ತಳದಲ್ಲಿ. 0.001 ಮೋಲಾರ್ ಬಾಟಲಿಯನ್ನು ಹುಡುಗಿ ಎತ್ತಿ ನೋಡಿದಾಗ ತಳದಲ್ಲಿ ಹಸಿರು ಮಿಶ್ರಿತ ನೀಲಿ ಗಸಿ. ಅವರ ಮನೆಯಲ್ಲಿ ದ್ರಾಕ್ಷಿ ತೋಟ ಇದೆ. "ಮೇಡಂ, ಇದು ನಮ್ಮಪ್ಪ ಬೋರ್ಡೋ ಮಾಡೋವಾಗ ಬಕೆಟ್ ತಳದಲ್ಲಿ ಕೂರುತ್ತಲ್ಲ, ಹಾಗೇ ಇದೆ" ಅಂದಳು. ಬೋರ್ಡೋ ದ್ರಾವಣಕ್ಕೆ ಹಾಕುವುದೂ ಮೈಲುತುತ್ತವೇ, ಜೊತೆಗೆ ಸುಣ್ಣ. ಇಲ್ಲಿ ಸುಣ್ಣ ಯಾರು ಹಾಕಿದರು?

ಯಾರೂ ಹಾಕಿರಲಿಲ್ಲ. ಲ್ಯಾಬಿನ ಡಿಸ್ಟಿಲೇಷನ್ ಯೂನಿಟ್ ಕಾಯಿಲ್ ಸುಟ್ಟು ಮೂಲೆ ಸೇರಿತ್ತು. ಎಲ್ಲ ದ್ರಾವಣವನ್ನೂ ನಲ್ಲಿ ನೀರಿನಲ್ಲಿ ಮಾಡಿದ್ದರು. ನಲ್ಲಿ ನೀರು ಅಂದರೆ ಬೋರ್‌ವೆಲ್ ನೀರು. ನಮ್ಮ ಕಡೆಯ ಬೋರ್‌ವೆಲ್ ನೀರು ಎಷ್ಟು ಗಡಸು ಅನ್ನೋದು ಪಾತ್ರೆ ತೊಳೆಯುವವರಿಗೆಲ್ಲ ಗೊತ್ತು. ಅದರಲ್ಲಿ ಬೈಕಾರ್ಬನೇಟ್ ಇರುತ್ತದೆ. ಅದು ತಾಮ್ರವನ್ನು ಸಿಕ್ಕಿಸಿಕೊಂಡು ಬೇಸಿಕ್ ಕಾಪರ್ ಕಾರ್ಬನೇಟ್ ಆಗಿ ತಳಕ್ಕೆ ಇಳಿಯುತ್ತದೆ:

2Cu²⁺ + 4HCO₃⁻ → Cu₂(OH)₂CO₃ + 3CO₂ + H₂O

ಮೊದಲ ಎರಡು ದ್ರಾವಣಗಳೂ ಅದೇ ನೀರಿನವು. ಅವು ಯಾಕೆ ಸರಿ ಬಂದವು? ನೀರಿನ ಮೇಲೆ ಯಾರಿಗೂ ಅನುಮಾನ ಬರದಂತೆ ಮಾಡಿದ್ದೇ ಆ ಎರಡು ರೀಡಿಂಗ್‌ಗಳು. ಇದಕ್ಕೆ ಉತ್ತರ ಸಿಗಬೇಕಾದರೆ ನೀರಿನಲ್ಲಿ ಬೈಕಾರ್ಬನೇಟ್ ಎಷ್ಟಿದೆ ಅನ್ನೋದು ಗೊತ್ತಾಗಬೇಕು. ಮಕ್ಕಳಿಗೆ ಟೈಟ್ರೇಷನ್ ಬರುತ್ತದೆ. 50 ಮಿ.ಲೀ ನೀರಿಗೆ ಮೀಥೈಲ್ ಆರೆಂಜ್ ಹಾಕಿ 0.05 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ ಬಿಟ್ಟರು. ಬಣ್ಣ ತಿರುಗಲು 6 ಮಿ.ಲೀ ಬೇಕಾಯಿತು. ಅಂದರೆ ಲೀಟರಿಗೆ 6 ಮಿಲಿಮೋಲ್ ಬೈಕಾರ್ಬನೇಟ್.

ಒಂದು ತಾಮ್ರಕ್ಕೆ ಎರಡು ಬೈಕಾರ್ಬನೇಟ್ ಬೇಕು. ಹಾಗಾಗಿ ಈ ನೀರು ಲೀಟರಿಗೆ ಹೆಚ್ಚೆಂದರೆ 3 ಮಿಲಿಮೋಲ್ ತಾಮ್ರ ನುಂಗಬಲ್ಲದು. 0.1 ಮೋಲಾರ್‌ನಲ್ಲಿ ತಾಮ್ರ 100 ಮಿಲಿಮೋಲ್, ಮೂರು ಹೋದರೆ 97. ವೋಲ್ಟೇಜಿನಲ್ಲಿ ಅರ್ಧ ಮಿಲಿವೋಲ್ಟೂ ಬದಲಾಗಲ್ಲ. 0.01ರಲ್ಲಿ 10 ಮಿಲಿಮೋಲ್, ಮೂರು ಹೋದರೆ 7. ಮೂವತ್ತು ಪರ್ಸೆಂಟ್ ನಷ್ಟ, ಆದರೂ ಲಾಗ್ ದಯೆಯಿಂದ ವೋಲ್ಟೇಜ್ ಇಳಿಯುವುದು ಐದು ಮಿಲಿವೋಲ್ಟ್‌ಗಿಂತ ಕಡಿಮೆ. 0.001ರಲ್ಲಿ ಇದ್ದದ್ದೇ 1 ಮಿಲಿಮೋಲ್. ಮೂರು ನುಂಗುವ ನೀರಿಗೆ ಒಂದು ಯಾವ ಲೆಕ್ಕ? ಹೆಚ್ಚುಕಡಿಮೆ ಎಲ್ಲ ಹೋಯಿತು. ಗಸಿಯ ಜೊತೆ ಸಮತೋಲದಲ್ಲಿ ಉಳಿದ ಚೂರು ತಾಮ್ರವನ್ನೇ ಸೆಲ್ 0.96 ಎಂದು ತೋರಿಸಿತು.

ಮೂವತ್ತು ಪರ್ಸೆಂಟ್ ತಪ್ಪನ್ನು ಮುಚ್ಚಿಡುವ ಲಾಗ್, ಐನೂರು ಪಟ್ಟು ತಪ್ಪನ್ನು ಮುಚ್ಚಿಡಲಾರದು. ವೋಲ್ಟೇಜ್ ಪುಸ್ತಕಕ್ಕೆ ಹೊಂದಿತು ಅಂದ ಮಾತ್ರಕ್ಕೆ ದ್ರಾವಣ ಸರಿ ಇದೆ ಅನ್ನೋಕಾಗಲ್ಲ.

ಖಚಿತ ಮಾಡಿಕೊಂಡ ಬಗೆ

ಗಸಿ ನೋಡಿ ಊಹಿಸಿದ್ದು ಸಾಲದು, ತಾಮ್ರವನ್ನು ವಾಪಸ್ ತಂದು ತೋರಿಸಬೇಕು ಅಂದರು ಮೇಡಂ. ಕಾರ್ಬನೇಟ್ ಆಮ್ಲದಲ್ಲಿ ಕರಗುತ್ತದೆ. ತಾಮ್ರದ ಕಡೆಯ ಬೀಕರಿಗೆ ತೆಳು ಸಲ್ಫ್ಯೂರಿಕ್ ಆಮ್ಲ ಕೆಲವು ತೊಟ್ಟು ಬಿಟ್ಟು ಕಲಕಿದರು. ಮಬ್ಬು ಕರಗಿ ನೀರು ತಿಳಿಯಾಯಿತು. ಮೀಟರ್ 0.96ರಿಂದ ಏರುತ್ತಾ 1.04 ದಾಟಿ ನಿಂತಿತು.

ಆಮ್ಲವೇ ಬೇರೆ ದಾರಿಯಲ್ಲಿ ವೋಲ್ಟೇಜ್ ಏರಿಸಿರಬಹುದಲ್ವಾ? ಹುಡುಗ ಕೇಳಿದ, ಕೇಳಬೇಕಾದ ಪ್ರಶ್ನೆಯೇ. ಅದಕ್ಕೆ 0.1 ಮೋಲಾರ್ ಬೀಕರಿಗೂ ಅಷ್ಟೇ ತೊಟ್ಟು ಹಾಕಿ ನೋಡಿದರು. ಅಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಆಗಲಿಲ್ಲ. ಇದನ್ನು ಮಾಡಿ ನೋಡುವವರಿಗೆ ಒಂದು ಎಚ್ಚರಿಕೆ: ಆಮ್ಲವನ್ನು ಸತುವಿನ ಬೀಕರಿಗೆ ಹಾಕಬೇಡಿ. ಸತು ಆಮ್ಲದ ಜೊತೆ ನೇರವಾಗಿ ಕ್ರಿಯೆ ನಡೆಸಿ ಹೈಡ್ರೋಜನ್ ಬಿಡುತ್ತದೆ, ರೀಡಿಂಗ್ ಕೆಡುತ್ತದೆ.

ಆಮೇಲೆ ನೀರು ಬದಲಿಸಿದರು. ಊರಿನ ಶುದ್ಧ ಕುಡಿಯುವ ನೀರಿನ ಘಟಕದ ಆರ್‌ಒ ನೀರು 0.001ರವರೆಗೆ ಪರವಾಗಿಲ್ಲ ಅನ್ನುವಂತಿತ್ತು. ಇನ್ನೂ ಹತ್ತು ಪಟ್ಟು ತೆಳುವಾಗಿಸಿದಾಗ ಅದೂ ಕೈಬಿಟ್ಟಿತು, ಯಾಕೆಂದರೆ ಆರ್‌ಒ ನೀರಿನಲ್ಲೂ ಸ್ವಲ್ಪ ಬೈಕಾರ್ಬನೇಟ್ ಉಳಿದಿರುತ್ತದೆ. ಕೊನೆಗೆ ಬ್ಯಾಟರಿ ಅಂಗಡಿಯಿಂದ ಡಿಸ್ಟಿಲ್ಡ್ ವಾಟರ್ ಕ್ಯಾನ್ ತಂದು ಎಲ್ಲ ದ್ರಾವಣವನ್ನೂ ಹೊಸದಾಗಿ ಮಾಡಿದರು. 0.1ರಿಂದ 0.0001ರವರೆಗೆ ಬಂದ ರೀಡಿಂಗ್: 1.091, 1.074, 1.052, 1.026.

ΔG ಮತ್ತೆ

ಈಗ ΔG ಲೆಕ್ಕಕ್ಕೆ ಅರ್ಥ ಬಂತು. 0.1 ಮೋಲಾರ್‌ನಲ್ಲಿ ಮೋಲಿಗೆ −210.6 ಕಿಲೋಜೂಲ್, 0.0001ರಲ್ಲಿ −198.0. ಹುಡುಗಿಗೆ ಇದು ಸರಿ ಕಾಣಲಿಲ್ಲ. ತಾಮ್ರವನ್ನು ಸಾವಿರ ಪಟ್ಟು ಕಡಿಮೆ ಮಾಡಿದ್ದೇವೆ, ಶಕ್ತಿ ಬರೀ ಆರು ಪರ್ಸೆಂಟ್ ಇಳಿಯುವುದು ಹೇಗೆ?

ΔG ಇರುವುದು ಮೋಲಿಗೆ. ಚಿಂತಾಮಣಿ ಮಾರ್ಕೆಟ್ಟಿನಲ್ಲಿ ಟೊಮೆಟೊ ಕೆ.ಜಿ.ಗೆ ಎಷ್ಟು ಅನ್ನೋದು ಬೇರೆ, ನಿಮ್ಮ ಗಾಡಿಯಲ್ಲಿ ಎಷ್ಟು ಕ್ರೇಟ್ ಇದೆ ಅನ್ನೋದು ಬೇರೆ. ವೋಲ್ಟೇಜ್ ಹೇಳುವುದು ರೇಟನ್ನು ಮಾತ್ರ. 50 ಮಿ.ಲೀ 0.1 ಮೋಲಾರ್ ದ್ರಾವಣದಲ್ಲಿ ತಾಮ್ರ 0.005 ಮೋಲ್, ಅದರಿಂದ ಹೆಚ್ಚೆಂದರೆ ಸುಮಾರು 1050 ಜೂಲ್ ಸಿಗಬಹುದು. ಅಷ್ಟೇ ಪ್ರಮಾಣದ 0.0001 ಮೋಲಾರ್ ದ್ರಾವಣದಲ್ಲಿ ಹೆಚ್ಚೆಂದರೆ ಒಂದು ಜೂಲ್. ಮೀಟರ್ ಎರಡಕ್ಕೂ ಹೆಚ್ಚುಕಡಿಮೆ ಒಂದೇ ವೋಲ್ಟ್ ತೋರಿಸುತ್ತದೆ.

ರೇಟು ಸ್ವಲ್ಪ ಮಾತ್ರ ಇಳಿಯುವುದಕ್ಕೂ ಕಾರಣ ಇದೆ. ಸತು ತಾಮ್ರವನ್ನು ಹೊರದೂಡುವ ಈ ಕ್ರಿಯೆ ಸಮತೋಲದಿಂದ ಬಹಳ ದೂರ ನಿಂತಿದೆ. ಅದರ ಸಮತೋಲ ಸ್ಥಿರಾಂಕ 10³⁷ ಆಸುಪಾಸು. E ಸೊನ್ನೆಗೆ ಬರಬೇಕಾದರೆ ಸತು–ತಾಮ್ರದ ಅನುಪಾತ ಅಲ್ಲಿಗೆ ಮುಟ್ಟಬೇಕು. ಸಾವಿರ ಪಟ್ಟು ಅಂದರೆ ಆ ಮೂವತ್ತೇಳು ಮೆಟ್ಟಿಲಲ್ಲಿ ಮೂರು ಮೆಟ್ಟಿಲು ಇಳಿದ ಹಾಗೆ. ಪ್ರತಿ ಮೆಟ್ಟಿಲಿಗೂ ಮೋಲಿಗೆ 5.7 ಕಿಲೋಜೂಲ್, ಅದೇ 0.0296 ವೋಲ್ಟ್. ಮುಕ್ತ ಶಕ್ತಿಯಲ್ಲಿ ಹೇಳಿದರೂ ವೋಲ್ಟಿನಲ್ಲಿ ಹೇಳಿದರೂ ಮಾತು ಒಂದೇ, ನಡುವೆ ಇರುವುದು 2×96,500 ಮಾತ್ರ.

ಹೊಂದದೇ ಉಳಿದದ್ದು

ಕೊನೆಯ ರೀಡಿಂಗ್‌ಗಳನ್ನು ಇನ್ನೊಮ್ಮೆ ನೋಡಿ. ಮೆಟ್ಟಿಲಿನಿಂದ ಮೆಟ್ಟಿಲಿಗೆ ಇಳಿಕೆ 17, 22, 26 ಮಿಲಿವೋಲ್ಟ್. ಪುಸ್ತಕದ ಲೆಕ್ಕದಲ್ಲಿ ಮೂರೂ 30 ಆಗಬೇಕಿತ್ತು. ತಮಾಷೆ ಅಂದರೆ, ಕೆಟ್ಟ ನೀರಿನ 1.07 ಪುಸ್ತಕಕ್ಕೆ ಸರಿಯಾಗಿ ಕೂತಿತ್ತು. ಒಳ್ಳೆಯ ನೀರಿನ 1.074 ಅದಕ್ಕಿಂತ ತುಸು ದೂರ.

ಹುಡುಗ 30, 30, 30 ಎಂದು ಬರೆದುಬಿಡೋಣ ಅಂದ. ಮೇಡಂ ಬೇಡ ಅಂದರು, ಅದಕ್ಕೆ ಗಟ್ಟಿ ಕಾರಣವೂ ಇತ್ತು. ನೆರ್ನ್ಸ್ಟ್ ಸಮೀಕರಣದಲ್ಲಿ ನಿಜಕ್ಕೂ ಇರಬೇಕಾದ್ದು ಸಾಂದ್ರತೆಯಲ್ಲ, ಆಕ್ಟಿವಿಟಿ, ಅಂದರೆ ಅಯಾನ್ ಎಷ್ಟರ ಮಟ್ಟಿಗೆ ಸ್ವತಂತ್ರವಾಗಿ ವರ್ತಿಸುತ್ತದೆ ಅನ್ನೋ ಅಳತೆ. ಎರಡೆರಡು ಚಾರ್ಜ್ ಇರುವ ತಾಮ್ರ ಮತ್ತು ಸಲ್ಫೇಟ್ ಒಂದನ್ನೊಂದು ಬಲವಾಗಿ ಎಳೆಯುತ್ತವೆ. 0.1 ಮೋಲಾರ್ ಕಾಪರ್ ಸಲ್ಫೇಟ್‌ನ ಆಕ್ಟಿವಿಟಿ 0.015ರಷ್ಟು ಮಾತ್ರ. ತೆಳುವಾಗಿಸಿದಂತೆ ಹಿಡಿತ ಸಡಿಲವಾಗುತ್ತದೆ, 0.001ರಲ್ಲಿ ಅದು 0.0007ಕ್ಕೂ ತುಸು ಜಾಸ್ತಿ. ಅಂದರೆ ಸಾಂದ್ರತೆ ನೂರು ಪಟ್ಟು ಇಳಿದರೂ ಆಕ್ಟಿವಿಟಿ ಇಳಿದದ್ದು ಇಪ್ಪತ್ತು ಪಟ್ಟು. ಹಾಗೆ ಲೆಕ್ಕ ಹಾಕಿದರೆ ಆ ಎರಡು ಮೆಟ್ಟಿಲಿಗೆ ಸುಮಾರು 39 ಮಿಲಿವೋಲ್ಟ್ ಬರುತ್ತದೆ. ಅವರು ಅಳೆದದ್ದೂ 39. ಎರಡೂ ಕಡೆ 0.1 ಇದ್ದಾಗ ಈ ತೊಂದರೆ ಕಾಣಲ್ಲ, ಸತುವಿನ ಸಲ್ಫೇಟ್‌ನದೂ ಹೆಚ್ಚುಕಡಿಮೆ ಅದೇ ಆಕ್ಟಿವಿಟಿ ಆದ್ದರಿಂದ ಭಾಗಾಕಾರದಲ್ಲಿ ಹೊಡೆದುಹೋಗುತ್ತದೆ.

ವರದಿಯಲ್ಲಿ 17, 22, 26 ಹಾಗೇ ಉಳಿದವು. ಪಕ್ಕದಲ್ಲಿ 0.96ರ ರೀಡಿಂಗ್, ಟೈಟ್ರೇಷನ್ ಲೆಕ್ಕ ಮತ್ತು ಆಮ್ಲದ ಪರೀಕ್ಷೆಯನ್ನೂ ಸೇರಿಸಿದರು. 0.0001ಕ್ಕಿಂತ ಕೆಳಗೆ ಹೋಗಲಿಲ್ಲ. ಅಷ್ಟು ತೆಳು ದ್ರಾವಣದಲ್ಲಿ ನೀರಿನಲ್ಲಿ ಕರಗಿದ ಆಮ್ಲಜನಕ ತಾಮ್ರದ ಪಟ್ಟಿಯನ್ನೇ ಸ್ವಲ್ಪ ಸ್ವಲ್ಪ ಕರಗಿಸುತ್ತದೆ. ಆಗ ಪಟ್ಟಿಯ ಮೈ ಬಳಿ ಇರುವ ತಾಮ್ರ ಬಾಟಲಿಯ ಲೇಬಲ್ ಹೇಳುವಷ್ಟೇ ಇರಲ್ಲ, ಮೀಟರ್ ಅಳೆಯುವುದು ಅದನ್ನೇ.